ಒಂಬತ್ತನೇ ನಂಬರಿನ ವಾಯರು

ಅಮಸಿದ್ದಪ್ಪ ಕೆರೂರ ಕಡೆಯವನು. ಅಪ್ಪ ಕುರಿ ಕಾಯುತ್ತಿದ್ದ, ಅಜ್ಜನೂ ಕುರಿ ಕಾಯುತ್ತಿದ್ದ, ಇವನೂ ಕಾಯಬೇಕಿತ್ತು. ಆದರೆ ಊರಿಗೆ ಕರೆಂಟು ಬಂದ ವರ್ಷ ಕಂಬ ಹತ್ತಿದ ಲೈನ್‌ಮನ್ನನ್ನು ನೋಡುತ್ತಾ ನಿಂತವನು ಸಂಜೆ ಹಿಂಡಿನಲ್ಲಿ ನಾಲ್ಕು ಕುರಿ ಕಡಿಮೆ ಮಾಡಿಕೊಂಡು ಮನೆಗೆ ಬಂದ. ತಾಯಿ ಬೋರವ್ವ ಆ ರಾತ್ರಿಯೇ ಗಂಡನಿಗೆ, "ಇವನ್ನ ಕುರಿ ಹಿಂದ ಕಳಿಸಿದ್ರ ಕುರಿ ಉಳ್ಯಂಗಿಲ್ಲ. ಸಾಲಿಗರೆ ಕಳಸು" ಎಂದಳು. ಹಾಗೆ ಅವನು ಬಾಗಲಕೋಟೆಗೆ ಹೋಗಿ ಐಟಿಐ ಮುಗಿಸಿ, ಹಣೆಯ ಮೇಲೆ ಬೀರಪ್ಪನ ಭಂಡಾರ, ಜೇಬಿನಲ್ಲಿ ಟೆಸ್ಟರ್ ಇಟ್ಟುಕೊಂಡು ವಾಯರಮನ್ ಆದ. ಕೆಲಸ ಸಿಕ್ಕಿದ್ದು ಹುನಗುಂದದಲ್ಲಿ, ದ್ವಿನದಿ ಆರೋಗ್ಯ ಮಂಡಳಿಯ ದವಾಖಾನೆಯಲ್ಲಿ.

ಈ ಮಂಡಳಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ಅದು ಸರಕಾರವಲ್ಲ, ಧರ್ಮಾರ್ಥ ಸಂಸ್ಥೆ. ಆದರೆ ಅದನ್ನು ಕಟ್ಟಿದವರೆಲ್ಲ ಸರಕಾರಿ ನೌಕರಿಯಿಂದ ನಿವೃತ್ತರಾದವರು. ಕಚೇರಿಯಿಲ್ಲದ ಬದುಕು ಅವರಿಗೆ ಉಪ್ಪಿಲ್ಲದ ರೊಟ್ಟಿ. ಹಾಗಾಗಿ ಮೂರು ಸಣ್ಣ ದವಾಖಾನೆಗಳಿಗೆ, ಅಂದರೆ ಹುನಗುಂದ, ಇಳಕಲ್ ಮತ್ತು ಬಾದಾಮಿಗೆ, ಬಾಗಲಕೋಟೆಯಲ್ಲೊಂದು ದೊಡ್ಡ ಕಚೇರಿ ಮಾಡಿಕೊಂಡಿದ್ದರು. ಡಾಕ್ಟರುಗಳು ಮೂವರು, ಗುಮಾಸ್ತರು ಒಂಬತ್ತು ಜನ. ಒಂದು ಥರ್ಮಾಮೀಟರ್ ಒಡೆದರೆ ಅದರ ಚೂರನ್ನು ಲಕೋಟೆಯಲ್ಲಿಟ್ಟು ಬಾಗಲಕೋಟೆಗೆ ಕಳಿಸಬೇಕಿತ್ತು. ಅದರ ಪಾದರಸವನ್ನು ಏನು ಮಾಡಬೇಕೆಂಬ ಪ್ರಶ್ನೆ ಮೂರು ವರ್ಷದಿಂದ ಪರಿಶೀಲನೆಯಲ್ಲಿತ್ತು.

ಹತ್ತೊಂಬತ್ತು ನೂರ ಎಂಬತ್ತೈದರ ಬೇಸಿಗೆ ಶುರುವಾಗುವ ಹೊತ್ತಿಗೆ ಪರದೇಶದ ಯಾವುದೋ ಸಹಾಯ ಸಂಸ್ಥೆಯವರು ಮಂಡಳಿಗೆ ಕೆಲವು ಯಂತ್ರ ಕಳಿಸಿದರು. ಸಿರಿಂಜು, ಕತ್ತರಿ ಕುದಿಸುವ ಸ್ಟೀಲ್ ಪೆಟ್ಟಿಗೆಗಳು, ಆರೋಗ್ಯದ ಚಿತ್ರ ತೋರಿಸುವ ಸ್ಲೈಡ್ ಪ್ರೊಜೆಕ್ಟರು, ಹಳ್ಳಿಯಲ್ಲಿ ಕೇಳಿಸಲಿಕ್ಕೆ ಟೇಪ್ ರಿಕಾರ್ಡರುಗಳು. ಯಂತ್ರಗಳಿಗೆ ವಾಯರು ಅಂಟಿಕೊಂಡಿರಲಿಲ್ಲ. ಪ್ರತಿಯೊಂದರ ಬೆನ್ನಿಗೆ ಪಿನ್ನಿನ ಗೂಡಿತ್ತು, ಬೇಕಾದಾಗ ಸಿಕ್ಕಿಸಿ ಬೇಡವಾದಾಗ ತೆಗೆಯುವ ವಾಯರು ಬೇರೆ ಚೀಲದಲ್ಲಿತ್ತು. ಕಳಿಸಿದವರು ಪ್ರತಿ ಪೆಟ್ಟಿಗೆಯೊಳಗೆ ಅದರದೇ ವಾಯರು ಇಟ್ಟಿದ್ದರು.

ಬಾಗಲಕೋಟೆಯ ಸ್ಟೋರ್‌ಕೀಪರ್ ಗುರಲಿಂಗಪ್ಪ ಶಿಸ್ತಿನ ಮನುಷ್ಯ. ಪೆಟ್ಟಿಗೆಗಳನ್ನೆಲ್ಲ ಬಿಚ್ಚಿಸಿದ. ಯಂತ್ರ ಒಂದು ಕಡೆ, ವಾಯರು ಇನ್ನೊಂದು ಕಡೆ, ಥರ್ಮಾಕೋಲು ಮತ್ತೊಂದು ಕಡೆ ಮಾಡಿಸಿದ. ದಾಸ್ತಾನು ಪುಸ್ತಕದಲ್ಲಿ "ವಾಯರು, ಕಪ್ಪು, ವಿದೇಶಿ" ಎಂದು ಒಂದೇ ಸಾಲು ಬರೆದು, ಹಂಚಬೇಕಾದ ಪ್ರತಿ ವಾಯರಿನ ಮೇಲೆ ಬಿಳಿ ಬಣ್ಣದಲ್ಲಿ ನಂಬರು ಹೊಡೆದ. ಆಮೇಲೆ ಪ್ರತಿ ಯಂತ್ರಕ್ಕೆ ಒಂದು ವಾಯರಿನಂತೆ, ಕೈಗೆ ಬಂದ ಕ್ರಮದಲ್ಲಿ ಹಂಚಿದ. ಬಸವಣ್ಣನ ಗುಡಿಯಲ್ಲಿ ಪ್ರಸಾದ ಹಂಚಿದರೂ ಇಷ್ಟು ಸಮನಾಗಿ ಯಾರೂ ಹಂಚುತ್ತಿರಲಿಲ್ಲ.

ಹುನಗುಂದಕ್ಕೆ ಬಂದದ್ದು ಒಂದು ಕುದಿಸುವ ಪೆಟ್ಟಿಗೆ, ಒಂದು ಟೇಪ್ ರಿಕಾರ್ಡರು, ಎರಡು ವಾಯರು.

ಪೆಟ್ಟಿಗೆಗೆ ಕಾದು ಕುಳಿತವಳು ಪದ್ಮವ್ವ. ಹುನಗುಂದ ದವಾಖಾನೆಯ ಹಿರಿಯ ಸಿಸ್ಟರು, ಐವತ್ತರ ಹತ್ತಿರದ ಹೆಂಗಸು. ಹನ್ನೊಂದು ವರ್ಷದಿಂದ ಸೀಮೆಎಣ್ಣೆ ಸ್ಟೋ ಮೇಲೆ ಪಾತ್ರೆಯಿಟ್ಟು ಸಿರಿಂಜು ಕುದಿಸಿ ಕುದಿಸಿ ಅವಳ ಸೀರೆ, ಕೂದಲು, ಊಟದ ಡಬ್ಬಿ ಎಲ್ಲವೂ ಸೀಮೆಎಣ್ಣೆ ವಾಸನೆ ಹೊಡೆಯುತ್ತಿದ್ದವು. ಡಿಪೋದಲ್ಲಿ ಎಣ್ಣೆ ಬಾರದ ವಾರ ಸೂಜಿಮದ್ದು ಇಲ್ಲ. ಬಂದವರಿಗೆ ಗುಳಿಗೆ ಕೊಟ್ಟು ಕಳಿಸುತ್ತಿದ್ದಳು.

ಅಮಸಿದ್ದಪ್ಪ ಎರಡೂ ವಾಯರನ್ನು ಮೇಜಿನ ಮೇಲೆ ಇಟ್ಟು ನೋಡಿದ. ಒಂದರ ತುದಿ ಸಣ್ಣದು, ಎರಡು ತೂತು, ಇಂಗ್ಲಿಷ್ ಎಂಟರ ಅಂಕಿಯನ್ನು ಅಡ್ಡ ಮಲಗಿಸಿದಂತೆ. ಅದು ಟೇಪ್ ರಿಕಾರ್ಡರಿಗೆ ಸರಕ್ಕನೆ ಕೂತಿತು. ಇನ್ನೊಂದು ದಪ್ಪ, ಮೂರು ತೂತು, ಒಂಬತ್ತನೇ ನಂಬರು. ಅದನ್ನು ಕುದಿಸುವ ಪೆಟ್ಟಿಗೆಯ ಗೂಡಿಗೆ ಒತ್ತಿದರೆ ಅರ್ಧಕ್ಕೆ ಹೋಗಿ ನಿಂತಿತು. ಮೂರು ಪಿನ್ನೂ ಸರಿಯಾಗಿದ್ದವು, ಅಳತೆಯೂ ಸರಿಯಿತ್ತು. ಟಾರ್ಚು ಹಾಕಿ ನೋಡಿದ. ಗೂಡಿನೊಳಗೆ, ಅರ್ಥಿಂಗ್ ಪಿನ್ನಿನ ಎದುರು ಗೋಡೆಯಲ್ಲಿ ಒಂದು ಸಣ್ಣ ಉಬ್ಬು ಇತ್ತು. ವಾಯರಿನ ತುದಿಯಲ್ಲಿ ಆ ಉಬ್ಬು ಕೂರಲು ಕಚ್ಚು ಇರಲಿಲ್ಲ.

ಪೆಟ್ಟಿಗೆಯ ಜೊತೆ ಬಂದಿದ್ದ ಪುಸ್ತಿಕೆಯಲ್ಲಿ ಚಿತ್ರಗಳಿದ್ದವು. ಅವನಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ. ಆದರೆ ಚಿತ್ರ, ಅಂಕಿ ಎರಡೂ ಐಟಿಐ ಭಾಷೆ. ಐಇಸಿ ಮುನ್ನೂರಿಪ್ಪತ್ತು ಎಂಬ ನಿಯಮದ ಹೆಸರಿತ್ತು. ಎಂಟರ ಆಕಾರದ್ದು ಸಿ-೭, ಎರಡೂವರೆ ಆಂಪಿಯರು. ಮೂರು ತೂತಿನದು ಸಿ-೧೩, ಹತ್ತು ಆಂಪಿಯರು. ಮೂರು ತೂತಿನ ಜೊತೆ ಕಚ್ಚು ಇರುವುದು ಸಿ-೧೫, ಅದೂ ಹತ್ತು ಆಂಪಿಯರು. ಎರಡರ ವ್ಯತ್ಯಾಸ ಅದರ ಮುಂದೆ ಬರೆದಿತ್ತು: ಮೊದಲನೆಯದು ಪಿನ್ನು ಎಪ್ಪತ್ತು ಡಿಗ್ರಿ ಕಾಯುವವರೆಗೆ, ಎರಡನೆಯದು ನೂರಿಪ್ಪತ್ತರವರೆಗೆ.

ಅವನು ಪುಸ್ತಿಕೆ ಹಿಡಿದು ಡಾಕ್ಟರ ಹತ್ತಿರ ಹೋದ. ಡಾಕ್ಟರು ಒಳ್ಳೆಯವರೇ, ಆದರೆ ಹತ್ತು ನಿಮಿಷಕ್ಕಿಂತ ಹೆಚ್ಚು ಬಾಳುವ ಯಾವ ಸಮಸ್ಯೆಯನ್ನೂ ಸಹಿಸುತ್ತಿರಲಿಲ್ಲ.

"ಹತ್ತು ಆಂಪಿಯರಿಗೆ ಹತ್ತು ಆಂಪಿಯರ ಐತೆಲ್ಲಪಾ. ಮತ್ತೇನು ತಕರಾರು?"

"ಕರೆಂಟಿನ ತಕರಾರಲ್ರಿ ಸಾಹೇಬ್ರ, ಕಾವಿಂದು. ಕುದಿಯೂ ಪೆಟಗಿ ಬೆನ್ನಿಗೆ ಹಚ್ಚೂ ವಾಯರಿನ ತುದಿ ಕಾವು ತಡೀಬೇಕ್ರಿ. ಇದು ಕಾವು ತಡ್ಯಾಂಗಿಲ್ಲ. ತಪ್ಪಿ ಯಾರೂ ಹಚ್ಚಬಾರದಂತ ಒಳಗ ಉಬ್ಬು ಇಟ್ಟಾರ್ರಿ."

"ಹಂಗಾರ ಆ ಸಣ್ಣ ವಾಯರ ಕತ್ತರಿಸಿ ಜೋಡಸು."

"ಅದು ಎರಡೂವರಿ ಆಂಪಿಯರಿಂದ್ರಿ. ಈ ಪೆಟಗಿ ಒಂದೂವರಿ ಸಾವಿರ ವ್ಯಾಟು, ಆರೂವರಿ ಆಂಪಿಯರ ಎಳೀತೈತಿ. ವಾಯರು ಸುಟ್ಟೀತ್ರಿ. ಮತ್ತ ಅದಕ್ಕ ಅರ್ಥಿಂಗ್ ಎಳಿನ ಇಲ್ಲ. ಸ್ಟೀಲಿನ ಪೆಟಗಿ, ಒಳಗ ನೀರು. ಸಿಸ್ಟರ್ರ ಕೈ ಹಚ್ಚಿದ್ರ ಗತಿ ಏನ್ರಿ?"

ಬಾಗಿಲಲ್ಲಿ ನಿಂತಿದ್ದ ಪದ್ಮವ್ವ, "ನಾ ಇನ್ನೂ ಪೆನ್ಷನ್ ತಗೊಂಡಿಲ್ರಿ" ಎಂದಳು.

ಡಾಕ್ಟರು ಬಾಗಲಕೋಟೆಗೆ ಪತ್ರ ಬರೆಯಲು ಹೇಳಿದರು. ಅಮಸಿದ್ದಪ್ಪ ಬರೆದ: "ಪೆಟ್ಟಿಗೆಗೆ ಕಚ್ಚು ಇರುವ ಮೂರು ತೂತಿನ ವಾಯರು ಬೇಕು. ಬಂದಿರುವುದು ಕಚ್ಚು ಇಲ್ಲದ್ದು. ಎಂಟರ ಆಕಾರದ್ದು ಟೇಪಿಗೆ ಸರಿಹೊಂದಿದೆ." ಏಳು ವಾರದ ಮೇಲೆ ಉತ್ತರ ಬಂತು. ಕಚೇರಿಯವರು ಅವನ ಪತ್ರವನ್ನು ಕನ್ನಡ ಅಂಕಿಯಲ್ಲಿ ಟೈಪು ಮಾಡಿಸಿ ಮೂರೂ ದವಾಖಾನೆಗೆ ಸುತ್ತೋಲೆ ಮಾಡಿದ್ದರು: "ತಮ್ಮಲ್ಲಿ ೮ ಆಕಾರದ ವಾಯರುಗಳು ಎಷ್ಟಿವೆ, ತಿಳಿಸುವುದು." ಇಳಕಲ್ಲಿನವರು ಕನ್ನಡದ ಎಂಟನ್ನು ಬರೆದು, ವಾಯರುಗಳನ್ನು ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, "ಆ ಆಕಾರದ್ದು ಒಂದೂ ಇಲ್ಲ" ಎಂದು ಉತ್ತರಿಸಿದರು. ಬಾದಾಮಿಯವರು ಮಾತ್ರ, ವಾಯರನ್ನು ಸುತ್ತಿಟ್ಟರೆ ಯಾವ ಆಕಾರವಾದರೂ ಬರುತ್ತದೆ, ಕಚೇರಿಗೆ ಯಾವುದು ಬೇಕು ಎಂದು ಕೇಳಿದರು. ಕಚ್ಚಿನ ವಿಷಯ ಆ ಓಡಾಟದಲ್ಲಿ ಎಲ್ಲೋ ಉದುರಿಹೋಯಿತು. ಹುನಗುಂದಕ್ಕೆ ಬೇರೆಯಾಗಿ ಒಂದು ಸಾಲು: "ಒಂಬತ್ತನೇ ನಂಬರಿನ ವಾಯರು ಹತ್ತು ಆಂಪಿಯರಿನದು ಎಂದು ಅದರ ಮೇಲೆಯೇ ಇದೆ. ಸಿಬ್ಬಂದಿ ಸಹಕರಿಸಬೇಕು."

ಪದ್ಮವ್ವ ಸ್ಟೋಗೆ ಪಂಪು ಹೊಡೆಯುತ್ತಲೇ ಇದ್ದಳು. ಹೊಸ ಪೆಟ್ಟಿಗೆಯಲ್ಲಿ ಹತ್ತಿಯ ಸುರುಳಿ ತುಂಬಿಟ್ಟಳು. ಸ್ಟೀಲಿನದು, ಇಲಿ ಕಡಿಯುವುದಿಲ್ಲ ಎಂಬ ಒಂದು ಉಪಯೋಗ ಆಯಿತು.

ಶ್ರಾವಣದಲ್ಲಿ ಅಮಸಿದ್ದಪ್ಪನನ್ನು ಇಳಕಲ್ ದವಾಖಾನೆಗೆ ಕಳಿಸಿದರು, ಅಲ್ಲಿಯ ಫ್ಯಾನು ಸರಿಮಾಡಲು. ಫ್ಯಾನು ಮುಗಿಸುವ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಕತ್ತಲು ಮಾಡಿ ಚಿತ್ರ ತೋರಿಸುತ್ತಿದ್ದರು. ತೋರಿಸುತ್ತಿದ್ದವಳು ಮುಮ್ತಾಜ, ಹಳ್ಳಿ ಹಳ್ಳಿಗೆ ಹೋಗಿ ಆರೋಗ್ಯದ ಮಾತು ಹೇಳುವ ಕೆಲಸದವಳು. ಮಗ್ಗದ ಕೆಲಸದ ಹೆಂಗಸರು ಇಪ್ಪತ್ತು ಮಂದಿ ಕುಳಿತಿದ್ದರು. ಗೋಡೆಯ ಮೇಲೆ ಎಮ್ಮೆಯಷ್ಟು ದೊಡ್ಡ ಸೊಳ್ಳೆ. ಒಬ್ಬಾಕೆ, "ಇಷ್ಟ ದೊಡ್ಡದು ನಮ್ಮೂರಾಗ ಇಲ್ಲವ್ವ, ನಮ್ಮವು ಸಣ್ಣವು" ಎಂದು ಸಮಾಧಾನಪಟ್ಟುಕೊಂಡಳು.

ಎಲ್ಲರೂ ಸೊಳ್ಳೆ ನೋಡುತ್ತಿದ್ದಾಗ ಅಮಸಿದ್ದಪ್ಪ ಪ್ರೊಜೆಕ್ಟರಿನ ಬೆನ್ನು ನೋಡುತ್ತಿದ್ದ. ಆಟ ಮುಗಿದ ಮೇಲೆ ಹೋಗಿ ವಾಯರು ಕಿತ್ತ. ಏಳನೇ ನಂಬರು. ಮೂರು ತೂತು, ಹತ್ತು ಆಂಪಿಯರು, ಒಂದು ಮಗ್ಗುಲಿಗೆ ಕಚ್ಚು. ಪ್ರೊಜೆಕ್ಟರಿನ ಗೂಡಿನೊಳಗೆ ಉಬ್ಬು ಇರಲಿಲ್ಲ. ಕಚ್ಚು ಇರುವ ವಾಯರು ಎರಡೂ ಕಡೆ ನಡೆಯುತ್ತದೆ, ಕಚ್ಚು ಇಲ್ಲದ್ದು ಒಂದೇ ಕಡೆ. ಅದಕ್ಕೇ ಇಳಕಲ್ಲಿನಲ್ಲಿ ಯಾರಿಗೂ ಏನೂ ತೊಂದರೆಯಾಗಿರಲಿಲ್ಲ, ಯಾರೂ ಪತ್ರ ಬರೆದಿರಲಿಲ್ಲ.

"ಬಾಯಾರ, ಇದು ನಮ್ಮ ಪೆಟಗಿ ವಾಯರ್ರಿ" ಎಂದ.

"ನಮ್ಮ ಪುಸ್ತಕದಾಗ ಏಳನೇ ನಂಬರ ನಮ್ದೈತೆಲ್ಲ."

ಅಮಸಿದ್ದಪ್ಪ ಪೂರ್ತಿ ಹೇಳಿದ. ಮುಮ್ತಾಜ ವಾಯರಿನ ಕಚ್ಚಿನ ಮೇಲೆ ಬೆರಳಾಡಿಸಿ ನೋಡಿದಳು. "ನಿಮ್ಮ ವಾಯರ ತಂದು ಹಚ್ಚಿದ್ರ ನನ್ನ ಸೊಳ್ಳಿ ಕಾಣ್ತಾವೋ ಇಲ್ಲೋ?"

"ಕಾಣ್ತಾವ್ರಿ. ಪ್ರೊಜೆಕ್ಟರು ಇನ್ನೂರೈವತ್ತು ವ್ಯಾಟು. ಒಂದು ಆಂಪಿಯರಕಿಂತ ಒಂಚೂರು ಹೆಚ್ಚು, ಅಷ್ಟ. ಅದಕ್ಕ ಕಚ್ಚು ಬೇಕಾಗಿಲ್ಲ."

"ಹಂಗಾರ ನಾಳಿ ತರ್ರಿ. ಆದ್ರ ಒಂದು ಚೀಟಿ ಬರದು ಇಬ್ಬರೂ ಸಹಿ ಮಾಡೂಣು. ನಮ್ಮ ಮಂಡಳ್ಯಾಗ ಉಪಕಾರ ಮಾಡಿದವ್ರ ಮೊದ್ಲು ಸಿಕ್ಕೊಳ್ತಾರ."

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೋಗಿ, ಹತ್ತು ಗಂಟೆಗೆ ಹುನಗುಂದಕ್ಕೆ ವಾಪಸು ಬಂದ. ಐದು ತಿಂಗಳ ಪತ್ರವ್ಯವಹಾರದ ಕೆಲಸ ಮೂರು ತಾಸಿನಲ್ಲಿ ಆಗಿತ್ತು. ಪರದೇಶದ ಪ್ಲಗ್ಗನ್ನು ಅವನು ಮೊದಲೇ ಕತ್ತರಿಸಿ ನಮ್ಮ ಗೋಡೆಗೆ ಹೊಂದುವ ಪ್ಲಗ್ಗು ಹಾಕಿಟ್ಟಿದ್ದ. ಈಗ ಅದನ್ನೂ ಅದಲು ಬದಲು ಮಾಡಿದ. ಪ್ರೊಜೆಕ್ಟರಿನ ವಾಯರಿಗೆ ಐದು ಆಂಪಿಯರಿನ ಸಣ್ಣ ಪ್ಲಗ್ಗು ಸಾಕು, ಪೆಟ್ಟಿಗೆಯದಕ್ಕೆ ಹದಿನೈದು ಆಂಪಿಯರಿನ ಪವರ್ ಪ್ಲಗ್ಗೇ ಬೇಕು. ವಾಯರಿನ ಒಂದು ತುದಿ ಹತ್ತು ಆಂಪಿಯರು ತಡೆದರೆ ಸಾಲದು, ಗೋಡೆಯ ಕಡೆಯದೂ ತಡೆಯಬೇಕು. ಪುಣ್ಯಕ್ಕೆ ಪ್ಲಗ್ಗುಗಳು ದಾಸ್ತಾನು ಪುಸ್ತಕದಲ್ಲಿರಲಿಲ್ಲ.

ಗುಂಡಿ ಒತ್ತಿದ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಆಮೇಲೆ ಪೆಟ್ಟಿಗೆ ಒಳಗೊಳಗೇ ಗುಂಯ್‌ಗುಟ್ಟಿತು, ಅಂಚಿನಲ್ಲಿ ಮುತ್ತಿನಂಥ ಗುಳ್ಳೆ ಎದ್ದವು. ಪದ್ಮವ್ವ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು, ನೀರು ಕುದಿಯುವುದನ್ನು ಜನ್ಮದಲ್ಲಿ ಕಂಡೇ ಇಲ್ಲದವಳಂತೆ ನೋಡುತ್ತಾ ಕೂತಳು. ಆ ಸಂಜೆ ಪದ್ಮವ್ವನ ಕಡೆಯಿಂದ ಅವನ ಹೆಂಡತಿ ಸತ್ಯವ್ವನಿಗೆ ಒಂದು ಡಬ್ಬಿ ಕರದಂಟು ಬಂತು. ಸತ್ಯವ್ವ ಕೇಳಿದಳು, "ಏನ ಮಾಡಿದ್ರಿ ಅಂಥಾದ್ದು?"

"ವಾಯರ ಬದಲಿ ಮಾಡಿದೆ."

"ಅಷ್ಟಕ್ಕ ಕರದಂಟು ಕೊಡ್ತಾರಂದ್ರ ದಿನಾ ಮಾಡ್ರೆಲ್ಲ."

ಎರಡು ತಿಂಗಳು ಎಲ್ಲ ಸುಗಮವಾಗಿತ್ತು. ಹುನಗುಂದದಲ್ಲಿ ಸಿರಿಂಜು ಕುದಿಯುತ್ತಿದ್ದವು, ಇಳಕಲ್ಲಿನಲ್ಲಿ ಸೊಳ್ಳೆ ಕಾಣುತ್ತಿದ್ದವು. ಆಮೇಲೆ ದಾಸ್ತಾನು ತಪಾಸಣೆಗೆ ಗುರಲಿಂಗಪ್ಪ ಬಂದ. ಪೆಟ್ಟಿಗೆ ಕೆಲಸ ಮಾಡುತ್ತದೋ ಇಲ್ಲವೋ ಎಂದು ಅವನು ಕೇಳಲಿಲ್ಲ, ಅದು ಅವನ ಕಾಲಮ್ಮಿನಲ್ಲಿರಲಿಲ್ಲ. ವಾಯರು ಎತ್ತಿ ನಂಬರು ನೋಡಿದ.

"ಒಂಬತ್ತು ಎಲ್ಲೈತಿ?"

"ಇಳಕಲ್ಲಾಗ ಐತ್ರಿ. ಅಲ್ಲಿ ಏಳು ಇಲ್ಲೈತಿ. ಚೀಟಿ ಮಾಡೇವ್ರಿ."

ಗುರಲಿಂಗಪ್ಪ ಚೀಟಿಯನ್ನು ಸತ್ತ ಇಲಿಯ ಬಾಲ ಹಿಡಿದಂತೆ ಹಿಡಿದ. "ಮಂಡಳಿ ಆಸ್ತಿ ಇದು. ನೀವಿಬ್ರೂ ಬಸ್ಸಿನ್ಯಾಗ ಅದಲಿ ಬದಲಿ ಮಾಡ್ಕೊಳ್ಳಾಕ ಬಾಳಿಕಾಯಿ ಅಲ್ಲ. ಯಾರನ್ನ ಕೇಳಿದ್ರಿ?"

"ಕೇಳಿ ಏಳು ವಾರ ಆಗಿತ್ತ್ರಿ."

"ಉತ್ತರ ಬಂದಿತ್ತಲ್ಲ?"

"ಬಂದಿತ್ರಿ. ಆದ್ರ ಆ ಉತ್ತರಕ್ಕ ನೀರು ಕುದೀಲಿಲ್ಲ."

ಈ ಕೊನೆಯ ಮಾತು ಆಡಬಾರದಿತ್ತು. ಮೂರು ದಿನಕ್ಕೆ ಮೆಮೊ ಬಂತು. ಏಳು ಇಳಕಲ್ಲಿಗೆ, ಒಂಬತ್ತು ಹುನಗುಂದಕ್ಕೆ, ಎಂಟು ದಿನದೊಳಗೆ. ತಪ್ಪಿದರೆ ಶಿಸ್ತುಕ್ರಮ. ಅಮಸಿದ್ದಪ್ಪ ಮತ್ತೆ ಮೊದಲ ಬಸ್ಸು ಹಿಡಿದ. ಮತ್ತೆ ಪ್ಲಗ್ಗು ಬಿಚ್ಚಿದ, ಮತ್ತೆ ಹಾಕಿದ. ಮುಮ್ತಾಜ ಏಳನೇ ನಂಬರನ್ನು ತಿರುಗಿ ಪಡೆಯುತ್ತಾ, "ಇಬ್ಬರೂ ಸಿಕ್ಕೊಂಡ್ವಿ, ನೋಡ್ರಿ. ಒಬ್ಬರು ಸಿಕ್ಕೊಳ್ಳೂದಕಿಂತ ಚಲೋ" ಎಂದಳು. ಪುಸ್ತಕ ಸರಿಹೋಯಿತು. ಪದ್ಮವ್ವ ಅಟ್ಟದಿಂದ ಸ್ಟೋ ಇಳಿಸಿದಳು. ಅದು ಅಮಸಿದ್ದಪ್ಪನಿಗೆ ಮೆಮೊಕ್ಕಿಂತ ಭಾರವಾಯಿತು. ಅವಳ ಕಣ್ಣು ತಪ್ಪಿಸಿ ಹಿಂದಿನ ಬಾಗಿಲಿನಿಂದ ಓಡಾಡತೊಡಗಿದ.

ಅಷ್ಟರಲ್ಲಿ ಮಂಡಳಿಯ ಅಧ್ಯಕ್ಷರು ಹುನಗುಂದಕ್ಕೆ ಬಂದು ಪೆಟ್ಟಿಗೆಯನ್ನು ಉದ್ಘಾಟಿಸುವುದೆಂದು ಗೊತ್ತಾಯಿತು. ಯಂತ್ರ ಬಂದು ಒಂಬತ್ತು ತಿಂಗಳಾಗಿತ್ತು, ಅದು ಕೆಲಸ ಮಾಡಿದ್ದೂ ಆಗಿತ್ತು, ನಿಂತದ್ದೂ ಆಗಿತ್ತು. ಉದ್ಘಾಟನೆ ಮಾತ್ರ ಬಾಕಿಯಿತ್ತು. ಹಿಂದಿನ ದಿನವೇ ಗುರಲಿಂಗಪ್ಪ ಬಂದು ಬೀಡುಬಿಟ್ಟ. ವಾಯರು ಒಳಗೆ ಹೋಗುವುದಿಲ್ಲ ಎಂಬುದನ್ನು ತನ್ನ ಕೈಯಿಂದಲೇ ಒತ್ತಿ ನೋಡಿ ಮೊದಲ ಸಲ ತಿಳಿದ. ತಿಳಿದು ಸುಮ್ಮನೆ ಕೂರುವ ಆಸಾಮಿಯಲ್ಲ. ಅಡುಗೆಯವನ ಹತ್ತಿರ ಈಳಿಗೆ ಇತ್ತು, ಶಸ್ತ್ರದ ತಟ್ಟೆಯಲ್ಲಿ ಚಾಕು ಇತ್ತು. ಚಾಕನ್ನೇ ಆರಿಸಿ, ಒಂಬತ್ತನೇ ನಂಬರಿನ ತುದಿಯನ್ನು ಕೆತ್ತಿ ಕೆತ್ತಿ ಒಂದು ಕಚ್ಚು ಮಾಡಿದ. ಒತ್ತಿದ. ಕೂತಿತು.

"ನೋಡ್ಲೇ, ಐದು ಮಿನಿಟಿನ ಕೆಲಸ" ಎಂದ. "ಇದಕ್ಕ ನೀ ವರ್ಷ ತಿಂದಿ."

ಅಮಸಿದ್ದಪ್ಪ ಕೆತ್ತಿದ ಜಾಗಕ್ಕೆ ಬೆರಳು ತೋರಿಸಿದ. "ಸಾಹೇಬ್ರ, ನೀವು ಕಚ್ಚು ಮಾಡೀರಿ, ಕಾವು ತಡಿಯೂ ಶಕ್ತಿ ಅದಕ್ಕ ಎಲ್ಲಿಂದ ಬರಬೇಕ್ರಿ? ಆ ಕಚ್ಚು ಬರೀ ಗುರುತು. ಮಾಲು ಬ್ಯಾರೇನ ಐತಿ. ಇದು ಮೆತ್ತಗಾಗ್ತೈತ್ರಿ."

"ಎಷ್ಟೊತ್ತು ಹಚ್ಚೂದು? ಅಧ್ಯಕ್ಷರು ಗುಂಡಿ ಒತ್ತತಾರ, ಚಪ್ಪಾಳಿ ಬೀಳತಾವ, ಮುಗೀತು."

"ಹಂಗಾರ ಚಪ್ಪಾಳಿ ಮುಗಿದ ಕೂಡ್ಲೇ ನಾ ಆರಸ್ತೇನ್ರಿ."

"ನೀ ಒಳಗ ಬರೂದ ಬ್ಯಾಡ. ಮೈಕಿನ ಕಡೆ ನಿಂದ್ರು."

ಅವನು ಒಂದು ಕಾಗದದ ಮೇಲೆ ತನ್ನ ತಕರಾರು ಬರೆದು ಡಾಕ್ಟರ ಮೇಜಿನ ಮೇಲೆ ಪೇಪರ್‌ವೇಟಿನ ಕೆಳಗಿಟ್ಟ. ಡಾಕ್ಟರು ಅದನ್ನು ಓದಿ, ಅದರ ಮೇಲೆ ಇನ್ನೂ ಮೂರು ಕಾಗದ ಇಟ್ಟರು.

ಬೆಳಗ್ಗೆ ಹನ್ನೊಂದಕ್ಕೆ ಅಧ್ಯಕ್ಷರು ಗುಂಡಿ ಒತ್ತಿದರು. ಕೆಂಪು ದೀಪ ಹೊತ್ತಿತು, ಚಪ್ಪಾಳೆ ಬಿತ್ತು. ಆದರೆ ಅಧ್ಯಕ್ಷರಿಗೆ ನೀರು ಕುದಿಯುವುದನ್ನು ನೋಡುವ ಮನಸ್ಸಾಯಿತು. "ಕುದೀಲಿ, ಅಲ್ಲೀತನಕಾ ನಾಲ್ಕು ಮಾತು ಹೇಳ್ತೇನಿ" ಎಂದು ಮೈಕಿನ ಮುಂದೆ ಬಂದರು. ನಾಲ್ಕು ಮಾತು ಎಂದರೆ ಅವರ ಲೆಕ್ಕದಲ್ಲಿ ಮುಕ್ಕಾಲು ತಾಸು. ಹತ್ತು ನಿಮಿಷಕ್ಕೆ ನೀರು ಕುದಿಯಿತು. ಪೆಟ್ಟಿಗೆಯ ಬೆನ್ನಿನ ಸ್ಟೀಲು ಮುಟ್ಟಲಾರದಷ್ಟು ಕಾಯಿತು. ಅಧ್ಯಕ್ಷರು ಆಗಿನ್ನೂ ತಮ್ಮ ಬಾಲ್ಯದಲ್ಲಿದ್ದರು.

ಮೈಕಿನ ಹತ್ತಿರ ನಿಂತಿದ್ದ ಅಮಸಿದ್ದಪ್ಪನ ಮೂಗಿಗೆ ಮೊದಲು ವಾಸನೆ ಬಂತು. ಪ್ಲಾಸ್ಟಿಕ್ಕು ಬೆಂದ ಸಿಹಿ ಕಮಟು. ಅವನು ಡಾಕ್ಟರ ಕಡೆ ನೋಡಿದ. ಡಾಕ್ಟರು ಗುರಲಿಂಗಪ್ಪನ ಕಡೆ, ಗುರಲಿಂಗಪ್ಪ ಅಧ್ಯಕ್ಷರ ಕಡೆ ನೋಡಿದರು. ಭಾಷಣದ ನಡುವೆ ಎದ್ದು ಹೋಗುವುದು ಮಂಡಳಿಯ ಇತಿಹಾಸದಲ್ಲಿ ಇರಲಿಲ್ಲ. ಪೆಟ್ಟಿಗೆಯ ಬೆನ್ನಿನಲ್ಲಿ ವಾಯರಿನ ತುದಿ ಬಿಸಿಲಿಗಿಟ್ಟ ಬೆಲ್ಲದಂತೆ ಜೋಲುತ್ತಿತ್ತು. ಚಾಕು ಆಡಿಸಿ ತೆಳ್ಳಗಾಗಿದ್ದ ಕಡೆ ಮೊದಲು ಸಡಿಲಾಯಿತು, ಸಡಿಲಾದ ಕಡೆ ಕಿಡಿ ಆಡಿತು, ಕಿಡಿಗೆ ಇನ್ನಷ್ಟು ಕಾವೇರಿತು. ಇನ್ನು ತಡೆಯಲಾರದೆ ಅವನು ಮೈಕು ಬಿಟ್ಟು ಒಳಗೆ ನುಗ್ಗುವಷ್ಟರಲ್ಲಿ ಪದ್ಮವ್ವ ಗೋಡೆಯ ಗುಂಡಿಗೆ ಕೈ ಚಾಚಿದ್ದಳು. ಅವಳ ಕೈ ಮುಟ್ಟುವ ಮೊದಲೇ ಒಳಗೆ ಎರಡು ಎಳೆ ಒಂದಕ್ಕೊಂದು ತಾಗಿ ಫಟ್ಟೆಂದಿತು. ಫ್ಯೂಜು ಹೋಯಿತು. ಫ್ಯಾನು ನಿಂತವು, ಮೈಕು ಸತ್ತಿತು. ಅಧ್ಯಕ್ಷರು "ನಮ್ಮ ಮಂಡಳಿಯ ಬೆಳಕು" ಎಂಬಲ್ಲಿಗೆ ಬಂದಿದ್ದರು.

ಯಾರಿಗೂ ಏನೂ ಆಗಲಿಲ್ಲ. ಅಮಸಿದ್ದಪ್ಪ ಪ್ಲಗ್ಗು ಕಿತ್ತ. ಪೆಟ್ಟಿಗೆ ಆರಿದ ಮೇಲೆ ಕರಗಿದ ತುದಿಯನ್ನು ಎಬ್ಬಿಸಿ ತೆಗೆದು, ಪಿನ್ನುಗಳಿಗೆ ಅಂಟಿದ್ದನ್ನು ಪಾಲೀಷ್ ಕಾಗದದಿಂದ ಉಜ್ಜಿದ. ಗೂಡು ಗಟ್ಟಿ ಮಾಲಿನದು, ಏನೂ ಆಗಿರಲಿಲ್ಲ. ಉಬ್ಬು ಇದ್ದಲ್ಲೇ ಇತ್ತು.

ಅಧ್ಯಕ್ಷರು ಹೋಗುವಾಗ ವಿಚಾರಣೆಗೆ ಹುಕುಂ ಮಾಡಿ ಹೋದರು. ಮಧ್ಯಾಹ್ನ ಗುರಲಿಂಗಪ್ಪ ಸಿಸ್ಟರುಗಳ ಕೋಣೆಯಲ್ಲಿ ಬಂದು ಕುಳಿತ. ಮುಖ ಸುಣ್ಣ ಹಚ್ಚಿದ ಗೋಡೆಯಾಗಿತ್ತು. ಇಪ್ಪತ್ತೆರಡು ವರ್ಷ ಸ್ಟೋರು ನೋಡಿದ ಮನುಷ್ಯ, ಒಂದು ವಸ್ತುವೂ ಕಡಿಮೆ ಬಂದಿರಲಿಲ್ಲ.

"ಅಕ್ಕಾರ, ಚಾಕು ಹಚ್ಚಿದ್ದು ನಾನ. ಆಸ್ತಿ ನಾಶ ಅಂತ ಬರೀತಾರ. ರಿಟೈರ್ ಆಗಾಕ ಎರಡು ವರ್ಷ ಐತಿ."

ಅವನು ಮೆತ್ತಗೆ ಮಾತಾಡಿದ್ದನ್ನು ಅಮಸಿದ್ದಪ್ಪ ಅದೇ ಮೊದಲು ಕೇಳಿದ್ದು. ನಗಬೇಕೆಂದುಕೊಂಡಿದ್ದವನಿಗೆ ನಗು ಬರಲಿಲ್ಲ. ಪದ್ಮವ್ವ ಚಹದ ಬಟ್ಟಲನ್ನು ಗುರಲಿಂಗಪ್ಪನ ಮುಂದೆ ಸರಿಸಿದಳು.

"ನಿಮ್ಮ ಕಪಾಟಿನ್ಯಾಗ ಹೆಚ್ಚಿನ ವಾಯರ ಅದಾವೇನ್ರಿ?"

"ಅದಾವು. ನಾಕು. ಬರೂವಾಗ ಯಂತ್ರ ಒಡದು ಬಾದಾಗಿದ್ವು, ವಾಯರ ಉಳದ್ವು. ಅವಕ್ಕ ಯಂತ್ರ ಇಲ್ಲಂತ ನಂಬರ ಹೊಡದಿಲ್ಲ, ಪುಸ್ತಕದಾಗೂ ಬರದಿಲ್ಲ."

"ಅದರಾಗ ಮೂರು ತೂತಿಂದು, ಕಚ್ಚಿಲ್ಲದ್ದು ಒಂದು ಐತಿ?"

"ಇರಬೇಕು."

"ಅದಕ್ಕ ಏಳು ಅಂತ ಬರದು ಇಳಕಲ್ಲಿಗೆ ಕೊಡ್ರಿ. ಇಳಕಲ್ಲಿನ ಕಚ್ಚಿನ ವಾಯರಿನ ಏಳು ಅಳಿಸಿ ಒಂಬತ್ತು ಬರದು ನಮಗ ಕೊಡ್ರಿ. ವಾಯರ ಬದಲಿ ಮಾಡಿದ್ರ ನಿಮಗ ತಪ್ಪು. ನಂಬರ ಬದಲಿ ಮಾಡಿದ್ರ ಯಾರಿಗೆ ಗೊತ್ತಾಗ್ತೈತಿ?"

ಗುರಲಿಂಗಪ್ಪ ಚಹ ಒಂದು ಗುಟುಕು ಕುಡಿದ. "ಮತ್ತ ಈ ಸುಟ್ಟದ್ದು?"

"ಪುಸ್ತಕದಾಗ ಏಳೂ ಐತಿ, ಒಂಬತ್ತೂ ಐತಿ. ಸುಟ್ಟದ್ದು ಯಾವುದು? ಯಾವುದೂ ಇಲ್ಲ."

ಅಮಸಿದ್ದಪ್ಪನಿಗೆ ಈ ಏರ್ಪಾಡು ಅಷ್ಟು ಸರಿಕಾಣಲಿಲ್ಲ. ತಾನು ಹೇಳಿದ್ದು ಖರೆ ಎಂದು ಯಾರಾದರೂ ಒಂದು ಸಾಲು ಬರೆಯಲಿ ಎಂಬ ಆಸೆ ಅವನಿಗಿತ್ತು. ಹಾಗಂತ ಬಾಯಿಬಿಟ್ಟೂ ಹೇಳಿದ. ಪದ್ಮವ್ವ ಅವನ ಕಡೆ ತಿರುಗಿದಳು. "ತಮ್ಮಾ, ನಿನಗ ಸಾಲು ಬೇಕೋ, ನೀರು ಕುದೀಬೇಕೋ? ಎರಡೂ ಕೊಡೂವಷ್ಟು ದೊಡ್ಡದಲ್ಲ ನಮ್ಮ ಮಂಡಳಿ."

ಕೆಲಸ ನಾಲ್ಕು ದಿನದಲ್ಲಿ ಮುಗಿಯಿತು. ಮಂಡಳಿಯಲ್ಲಿ ಅಷ್ಟು ಬೇಗ ಏನೂ ಆಗಿರಲಿಲ್ಲ. ಗುರಲಿಂಗಪ್ಪನೇ ಬಣ್ಣದ ಡಬ್ಬಿ ಹಿಡಿದು ಬಸ್ಸಿನಲ್ಲಿ ಓಡಾಡಿದ. ಮುಮ್ತಾಜ ಹೊಸ ಏಳನ್ನು ಪಡೆಯುವಾಗ ಬಣ್ಣ ಇನ್ನೂ ಹಸಿಯಿತ್ತು. ಅವಳು ಬೆರಳು ಒರೆಸಿಕೊಂಡು ಏನೂ ಕೇಳದೆ ಸಹಿ ಹಾಕಿದಳು.

ವಿಚಾರಣೆಗೆ ಬಂದವರು ಕಚೇರಿಯ ಹಿರಿಯ ಸದಸ್ಯರು. ಸುಟ್ಟ ವಾಯರು ತೋರಿಸಿ ಎಂದರು. ಪುಸ್ತಕ ತೆಗೆದರೆ ಒಂಬತ್ತು ಹುನಗುಂದದಲ್ಲಿ, ಏಳು ಇಳಕಲ್ಲಿನಲ್ಲಿ, ಎರಡೂ ಸುಸ್ಥಿತಿಯಲ್ಲಿ. ಪೆಟ್ಟಿಗೆ ಹಚ್ಚಿ ನೋಡಿದರು, ಒಂದು ತಾಸು ಕುದಿಯಿತು, ತುದಿ ಬಿಸಿಯಾಯಿತೇ ಹೊರತು ಜಗ್ಗಲಿಲ್ಲ. ಅವರು ಅಮಸಿದ್ದಪ್ಪನನ್ನು ಕರೆದರು.

"ಅವತ್ತು ಇದ ವಾಯರ ಸುಟ್ಟಿತ್ತೇನು?"

"ಅಲ್ರಿ" ಎಂದ. ಅದು ಖರೆಯೇ ಆಗಿತ್ತು.

"ಮತ್ತ ವಾಸನಿ ಎಲ್ಲಿಂದ ಬಂತು?"

"ನಾ ಮೈಕಿನ ಹತ್ರ ನಿಂತಿದ್ದೆ ಅಂತ ಎಲ್ಲರಿಗೂ ಗೊತ್ತೈತ್ರಿ."

ಹಾಗಾಗಿ ವರದಿಯಲ್ಲಿ ದೋಷ ಮೈಕಿನದೆಂದು ಬಂತು. ಮೈಕು ನೋಡಿಕೊಳ್ಳುತ್ತಿದ್ದವನು ಅಮಸಿದ್ದಪ್ಪನಾದ್ದರಿಂದ ಅವನಿಗೆ ಎಚ್ಚರಿಕೆಯ ಪತ್ರವೊಂದು, ಬಾದಾಮಿಗೆ ವರ್ಗವೊಂದು. ದಾಸ್ತಾನನ್ನು ಚೊಕ್ಕವಾಗಿ ಕಾಯ್ದುಕೊಂಡು ಬಂದ ಗುರಲಿಂಗಪ್ಪನಿಗೆ ಅಧ್ಯಕ್ಷರು ಶಾಲು ಹೊದಿಸಿದರು. ಶಾಲು ಹೊದೆಯುವಾಗ ಅವನು ತಲೆ ಎತ್ತಲಿಲ್ಲ ಎಂದು ನೋಡಿದವರು ಹೇಳುತ್ತಿದ್ದರು. ಜನ ಅದನ್ನು ವಿನಯವೆಂದುಕೊಂಡರು.

ಹೊರಡುವ ದಿನ ಅಮಸಿದ್ದಪ್ಪ ಪದ್ಮವ್ವನ ಹತ್ತಿರ ಹೇಳಿಬರಲು ಹೋದ. ಅವಳು ಪೆಟ್ಟಿಗೆಯ ಮುಚ್ಚಳ ತೆಗೆದು ಚಿಮಟಿಗೆಯಿಂದ ಸಿರಿಂಜು ಎತ್ತುತ್ತಿದ್ದಳು. "ಬಾದಾಮ್ಯಾಗೂ ಒಂದು ಪೆಟಗಿ ಐತಂತ. ನೋಡು" ಎಂದಳಷ್ಟೆ. ಅವಳ ಸೆರಗಿನಿಂದ ಸಾಬೂನಿನ ವಾಸನೆ ಬರುತ್ತಿತ್ತು.

ಬಾದಾಮಿಯಲ್ಲಿ ಪೆಟ್ಟಿಗೆ ಕಪಾಟಿನ ಮೇಲೆ ಗೋಣಿಚೀಲ ಹೊದ್ದು ಕೂತಿತ್ತು. ಅದರ ಜೊತೆ ಹಂಚಿಕೆಯಲ್ಲಿ ಬಂದಿದ್ದು ಎಂಟರ ಆಕಾರದ ವಾಯರು. ಅದು ಪೆಟ್ಟಿಗೆಗೆ ಹೊಂದದ್ದರಿಂದ ಒಂದು ವರ್ಷದಿಂದ ಅದರ ಮೇಲೆ ಕೈ ಒರೆಸುವ ಬಟ್ಟೆ ಒಣಹಾಕುತ್ತಿದ್ದರು. ಟೇಪ್ ರಿಕಾರ್ಡರಿಗೆ ಬಂದಿದ್ದ ಕಚ್ಚಿನ ವಾಯರು, ಅದರೊಳಗೆ ಹೋಗಲಾರದೆ, ಮೇಜಿನ ಖಾನೆಯಲ್ಲಿತ್ತು. ಎರಡೂ ಒಂದೇ ಕೋಣೆಯಲ್ಲಿ, ನಾಲ್ಕು ಮಾರು ದೂರದಲ್ಲಿದ್ದವು. ಅಮಸಿದ್ದಪ್ಪ ಬಟ್ಟೆ ಮಡಿಸಿಟ್ಟು ಎಂಟನ್ನು ಟೇಪಿಗೆ ಸಿಕ್ಕಿಸಿದ. ಕಚ್ಚಿನದನ್ನು ಪೆಟ್ಟಿಗೆಗೆ ಸಿಕ್ಕಿಸಿ, ನೀರು ಹೊಯ್ದು, ಪವರ್ ಪ್ಲಗ್ಗು ಹಾಕಿದ.

ಅಲ್ಲಿಯ ಸಿಸ್ಟರು ಹೊಸ ಹುಡುಗಿ, ಹನಮವ್ವ. ಗಾಬರಿಯಾಗಿ ಬಂದಳು. "ಅಣ್ಣಾರ, ನಂಬರ ಅದಲಿ ಬದಲಿ ಆಕ್ಕಾವು. ಬಾಗಲಕೋಟಿ ಪರವಾನಗಿ ತಗೊಂಡೀರೇನ್ರಿ?"

"ಬಣ್ಣದ ಡಬ್ಬಿ ತಂದೇನವ್ವ" ಎಂದು ಅಮಸಿದ್ದಪ್ಪ ಗುಂಡಿ ಒತ್ತಿದ.